ಕರಿದ ಎಣ್ಣೆಗೆ ಬೇರೆ ಡ್ರಮ್ ಇಡೋಣ

ಹೋಟೆಲಿನ ಕಸ ಅಂದರೆ ಎಲ್ಲರಿಗೂ ಮೊದಲು ಪ್ಲಾಸ್ಟಿಕ್ ನೆನಪಾಗುತ್ತದೆ. ನನಗೆ ಕರಿದ ಎಣ್ಣೆಯದೇ ಹೆಚ್ಚು ಚಿಂತೆ. ಅದು ದಾರಿ ತಪ್ಪಿದರೆ ಚರಂಡಿಯೂ ಕಟ್ಟುತ್ತದೆ, ಗೊಬ್ಬರವೂ ಕೆಡುತ್ತದೆ.

ನಾನಿರುವ ಜರ್ಮನಿಗೂ ನಮ್ಮ ದೇಶಕ್ಕೂ ಎಣ್ಣೆ ಕೆಟ್ಟಿದೆಯೇ ಎಂದು ನೋಡುವ ಅಳತೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ಎಣ್ಣೆ ಮತ್ತೆ ಮತ್ತೆ ಕಾದಾಗ ಪೋಲಾರ್ ಕಾಂಪೌಂಡ್‌ಗಳು ಹುಟ್ಟುತ್ತವೆ. ಅವು ಇಲ್ಲಿ 24%, ಭಾರತದಲ್ಲಿ 25% ದಾಟಿದರೆ ಆ ಎಣ್ಣೆ ಅಡುಗೆಗೆ ಬೇಡ. ನಮ್ಮಲ್ಲಿ ಈ ಮಿತಿ 2018ರ ಜುಲೈನಿಂದಲೇ ಇದೆ. ಇದನ್ನು ಅಳೆಯಲು ಬಿಸಿ ಎಣ್ಣೆಗೆ ಅದ್ದಿ ನೋಡುವ ಮೀಟರ್ ಸಿಗುತ್ತದೆ. ಬಣ್ಣವನ್ನಷ್ಟೇ ನಂಬಬಾರದು, ಹಿಟ್ಟಿನ ಪುಡಿ ಸುಟ್ಟರೂ ಎಣ್ಣೆ ಕಪ್ಪಾಗುತ್ತದೆ. ಕಡಿಮೆ ಕಾವಿಗೇ ಹೊಗೆ ಬಂದರೆ, ನೊರೆ ಇಳಿಯದೆ ನಿಂತರೆ, ಅಂಟಂಟಾದರೆ ಎಣ್ಣೆ ಮುಗಿದ ಹಾಗೆ.

ನಿಜವಾದ ವ್ಯತ್ಯಾಸ ಇರುವುದು ಆಮೇಲೆ. ನಮ್ಮ ಕಡೆ ಆ ಎಣ್ಣೆ ಎಷ್ಟೋ ಸಲ ಇನ್ನೊಂದು ಬಾಣಲೆಗೆ ಹೋಗುತ್ತದೆ, ಇಲ್ಲವೇ ಸಿಂಕಿಗೆ. ಇಲ್ಲಿ ಎಣ್ಣೆ ಒಯ್ಯುವವರು ತುಂಬಿದ ಡ್ರಮ್ ತೆಗೆದುಕೊಂಡು, ತೊಳೆದ ಖಾಲಿ ಡ್ರಮ್ ಇಟ್ಟು ಹೋಗುತ್ತಾರೆ. ಎಣ್ಣೆ ಬಯೋಡೀಸೆಲ್ ಆಗುತ್ತದೆ. ಈ ಅದಲುಬದಲಿನ ಕ್ರಮ ನನಗೆ ತುಂಬಾ ಇಷ್ಟ.

20 ಲೀಟರ್ ಹಿಡಿಸುವ ಫ್ರೈಯರ್ ಇದೆ ಅಂದುಕೊಳ್ಳಿ. ರಾತ್ರಿ ಆರಿಸಿ, ಕೈಗೆ ಬೆಚ್ಚಗೆನಿಸುವಷ್ಟು ತಣಿಯಲು ಬಿಡಬೇಕು. ಸಣ್ಣ ಜಾಲರಿಯಲ್ಲಿ ಸೋಸಿ, ಒಣಗಿದ ಡ್ರಮ್ಮಿಗೆ ಸುರಿದು ಮುಚ್ಚಳ ಹಾಕಬೇಕು. ನೀರು ಮಾತ್ರ ಸೇರಲೇಬಾರದು. ನೀರು ಸೇರಿದ ಎಣ್ಣೆ ಹುಳಿ ಹಿಡಿಯುತ್ತದೆ, ಬಯೋಡೀಸೆಲ್ ಮಾಡಲು ಹೊರಟರೆ ಒಂದಷ್ಟು ಸೋಪಾಗುತ್ತದೆ. ಬಿಸಿನೀರು, ಸೋಪು ಹಾಕಿ ಸಿಂಕಿಗೆ ಬಿಟ್ಟರೆ ಎಲ್ಲೂ ಮಾಯವಾಗಲ್ಲ, ಮುಂದೆ ಹೋಗಿ ಪೈಪಿನಲ್ಲಿ ಗಟ್ಟಿಯಾಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪಲ್ ಚರಂಡಿಯಲ್ಲಿ ಸುಮಾರು 130 ಟನ್ನಿನ ಕೊಬ್ಬಿನ ಗುಡ್ಡೆ ಸಿಕ್ಕಿತ್ತು. ಸಿಂಕಿನ ನೀರಿನಿಂದ ಜಿಡ್ಡು ತಡೆಯುವ ಗ್ರೀಸ್ ಟ್ರ್ಯಾಪ್ ಇರುವುದು ಪಾತ್ರೆ ತೊಳೆದ ಜಿಡ್ಡಿಗೆ, ಬಾಣಲೆಯ ಎಣ್ಣೆಗಲ್ಲ.

ಗೊಬ್ಬರದ ಗುಂಡಿಗೂ ಎಣ್ಣೆ ಬೇಡ. ಅದು ಕಸಕ್ಕೆ ಮೆತ್ತಿಕೊಂಡು ಗಾಳಿ ತಡೆಯುತ್ತದೆ. ಕೊಳೆಯುವ ಬದಲು ನಾತ ಬರುತ್ತದೆ, ಇಲಿ ಬರುತ್ತವೆ. ತರಕಾರಿ ಸಿಪ್ಪೆಗೆ ಒಣ ಎಲೆ ಸೇರಿಸಿ, ಆಗಾಗ ಮಗುಚಿದರೆ ಸಾಕು. ಸಿಪ್ಪೆ ಹಾಕುವ ಬಕೆಟ್ಟಿಗೆ ಪ್ಲಾಸ್ಟಿಕ್ ಚೀಲವೂ ಬೇಡ, ತೊಳೆದರಾಯಿತು.

ಪಾರ್ಸಲ್ ವಿಷಯದಲ್ಲೂ ಇಲ್ಲಿನ ಯೋಚನೆ ಡ್ರಮ್ಮಿನ ಹಾಗೆಯೇ. 2023ರಿಂದ ದೊಡ್ಡ ಹೋಟೆಲುಗಳು ಹಿಂದಿರುಗಿಸುವ ಡಬ್ಬಿಯಲ್ಲೂ ಊಟ ಕೊಡಲೇಬೇಕು. ಅದಕ್ಕೆಂದು ಊಟದ ಬೆಲೆ ಏರಿಸುವಂತಿಲ್ಲ, ಡಬ್ಬಿಗೆ ಡಿಪಾಸಿಟ್ ಇಟ್ಟುಕೊಳ್ಳಬಹುದು. ನಮ್ಮಲ್ಲಿ 2022ರ ಜುಲೈನಲ್ಲಿ ಪ್ಲಾಸ್ಟಿಕ್ ಚಮಚ, ಸ್ಟ್ರಾ ನಿಷೇಧವಾದವು. ನಿಷೇಧ ಬೇಕೇ ಬೇಕು, ಆದರೆ ಡಬ್ಬಿ ವಾಪಸ್ ಬರುವ ದಾರಿಯೂ ಬೇಕಲ್ವಾ?

ಸಣ್ಣ ಹೋಟೆಲಿಗೆ ಒಂದು ಡ್ರಮ್ ತುಂಬಲು ಬಹಳ ದಿನ ಹಿಡಿಯುತ್ತದೆ, ಅಷ್ಟಕ್ಕಾಗಿ ಗಾಡಿ ಬರಲ್ಲ. ಹಾಗಾಗಿ ಒಂದೇ ಬೀದಿಯ ನಾಲ್ಕೈದು ಹೋಟೆಲಿನವರು ಸೇರಿ, ಗಾಡಿಗೆ ಒಂದೇ ದಿನ ಗೊತ್ತು ಮಾಡಿಕೊಳ್ಳಬೇಕು.