ಬಾರದ ಸೆನ್ಸರ್ ಮತ್ತು ಸಾರ್ ಅವರ ‘ಆಮೇಲೆ?’

ನಾಳೆ ಹತ್ತು ಗಂಟೆಗೆ ನಮ್ಮ ಅಂತಿಮ ವರ್ಷದ ಪ್ರಾಜೆಕ್ಟ್ ಯೋಜನೆಯ ವೈವಾ. ಇಂದು ಮಧ್ಯಾಹ್ನ ಗೈಡ್ ಸಾರ್ ಎದುರು ತಾಲೀಮು ಒಪ್ಪಿಸಿ ಬಂದ ನಾವು ನಾಲ್ವರೂ ಕ್ಯಾಂಟೀನಿನಲ್ಲಿ ಚಹಾ ಮುಂದಿಟ್ಟುಕೊಂಡು, ಅದನ್ನು ಕುಡಿಯುವುದನ್ನೇ ಮರೆತು ಕುಳಿತಿದ್ದೇವೆ.

ಸಾರ್ ಯಾವ ಉತ್ತರವನ್ನೂ ತಪ್ಪು ಎನ್ನುವವರಲ್ಲ. ಕನ್ನಡಕವನ್ನು ಹಣೆಗೇರಿಸಿ, ಕೆಂಪು ಪೆನ್ನಿನ ಮುಚ್ಚಳ ತೆಗೆದು, ‘ಆಮೇಲೆ?’ ಎನ್ನುತ್ತಾರೆ, ಅಷ್ಟೇ. ಮಣ್ಣಿನ ತೇವ ಅಳೆದು ತಾನಾಗಿ ನೀರುಣಿಸುವ ನಮ್ಮ ‘ಸ್ಮಾರ್ಟ್ ಕೃಷಿ ವ್ಯವಸ್ಥೆ’ ಎಲ್ಲ ಬೆಳೆಗಳಿಗೂ ಎಂದೆವು. ‘ಆಮೇಲೆ?’ ಎಷ್ಟು ಎಕರೆಯಾದರೂ ಸರಿ ಎಂದೆವು. ‘ಆಮೇಲೆ?’ ಏಳನೆಯ ‘ಆಮೇಲೆ’ಯ ಹೊತ್ತಿಗೆ ಯೋಜನೆಯ ವ್ಯಾಪ್ತಿ ಹಾಸ್ಟೆಲ್ ತಾರಸಿಯ ನಾಲ್ಕು ಟೊಮೇಟೊ ಕುಂಡಗಳಿಗೆ ಇಳಿದಿತ್ತು. ಮೊಬೈಲ್ ಆ್ಯಪ್, ರೋಗ ಪತ್ತೆ, ತ್ರೀ ಫೇಸ್ ಪಂಪು ಎಲ್ಲವೂ ‘ವ್ಯಾಪ್ತಿಯ ಹೊರಗೆ’ ಎಂಬ ಸಾಲಿಗೆ ಹೋದವು.

ನಂತರ ಯಾವ ಕೆಲಸ ಯಾವ ವಾರ ಎಂದು ಪಟ್ಟಿ ಎಳೆದು ತೋರಿಸುವ, ಹನ್ನೆರಡು ವಾರಗಳ ಗ್ಯಾಂಟ್ ಚಾರ್ಟ್ ಬಿಚ್ಚಿದೆವು. ಬಣ್ಣ ಬಣ್ಣದ ಪಟ್ಟಿಗಳೆಲ್ಲ ಮೊದಲ ವಾರದಲ್ಲೇ ಶುರುವಾಗಿದ್ದವು, ನೋಡಲು ರಂಗೋಲಿಯಂತಿತ್ತು. ಸಾರ್ ಪೆನ್ನಿನ ತುದಿಯಿಂದ ಮೆಲ್ಲನೆ ಒಂದು ಪಟ್ಟಿಯನ್ನು ಮುಟ್ಟಿದರು. ‘ಸೆನ್ಸರ್ ಬರೋದು ಎರಡನೇ ವಾರದ ಕೊನೆಗೆ. ಕ್ಯಾಲಿಬ್ರೇಷನ್ ಮೊದಲನೇ ವಾರ. ಬಾರದ ಸೆನ್ಸರನ್ನ ಯಾವ ಮಣ್ಣಲ್ಲಿ ನೆಡ್ತೀರಿ?’ ಆ ಮಟ್ಟಿಗೆ ಅವರು ಹೇಳಿದ್ದು ನಿಜವೆಂದು ಒಪ್ಪಿಕೊಳ್ಳಲು ನನಗೆ ಈಗಲೂ ಹೊಟ್ಟೆಯುರಿ.

ಚಾರ್ಟನ್ನು ಹೊಸದಾಗಿ ಬರೆದೆವು. ಸೆನ್ಸರ್ ಬರಲು ಎರಡು ವಾರ, ಒಣ ಮತ್ತು ನೆನೆದ ಮಣ್ಣಿನಲ್ಲಿಟ್ಟು ಹೊಂದಿಸಲು ಎರಡು, ಜೋಡಿಸಿ ಪರೀಕ್ಷಿಸಲು ಮೂರು, ವರದಿಗೆ ಎರಡು. ಒಂದರ ಬೆನ್ನಿಗೆ ಒಂದು, ಒಟ್ಟು ಒಂಬತ್ತು. ಇಂಟರ್ನಲ್ ಪರೀಕ್ಷೆಗೆ ಒಂದು ವಾರ ಕಳೆದರೆ ಕೈಯಲ್ಲಿ ಉಳಿಯುವುದು ಎರಡೇ ವಾರ. ಮೂರು ವಾರದ ಕೋಡಿಂಗ್ ಮಾತ್ರ ಸೆನ್ಸರಿಗೆ ಕಾಯಬೇಕಿಲ್ಲ. ಸೆನ್ಸರಿನ ಜಾಗದಲ್ಲಿ ಪೊಟೆನ್ಷಿಯೋಮೀಟರ್ ಕೂರಿಸಿ, ಅದರ ಗುಬುಟು ತಿರುಗಿಸಿ ತೇವ ಬಂತೆಂದು ಕೋಡನ್ನು ನಂಬಿಸಬಹುದು.

ರಿಸ್ಕ್ ಪಟ್ಟಿಯಲ್ಲಿ ನಾವು ಬರೆದದ್ದು ಹೀಗಿತ್ತು: ‘ಅಪಾಯ: ಸಮಯದ ಅಭಾವ. ಪರಿಹಾರ: ಹೆಚ್ಚು ಶ್ರಮ.’ ಸಾರ್ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದರು; ಪಕ್ಕದ ಟೇಬಲಿನ ಮೇಡಂ ನಗು ತಡೆಯಲಾರದೆ ಎದ್ದು ಹೋದರು. ಈಗ ಅಲ್ಲಿ, ಹತ್ತನೇ ದಿನಕ್ಕೆ ಸೆನ್ಸರ್ ಬಾರದಿದ್ದರೆ ನಮ್ಮಲ್ಲೊಬ್ಬ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೊಂಡು ತರುವುದು ಎಂದಿದೆ. ಅಗ್ಗದ ರೆಸಿಸ್ಟಿವ್ ಸೆನ್ಸರಿನ ಕಡ್ಡಿಗಳು ಒದ್ದೆ ಮಣ್ಣಿನಲ್ಲಿ ಬೇಗ ಸವೆದುಹೋಗುವುದರಿಂದ ಕೆಪ್ಯಾಸಿಟಿವ್ ಸೆನ್ಸರನ್ನೇ ತರಬೇಕು ಎಂದೂ ಸೇರಿಸಿದ್ದೇವೆ.

ಸಂಜೆ ಅಪ್ಪ ಫೋನ್ ಮಾಡಿದರು. ಕರೆಂಟು ಬರುವುದೇ ರಾತ್ರಿಯಾದ್ದರಿಂದ, ಟಾರ್ಚು ಹಿಡಿದು ಅಡಿಕೆ ತೋಟಕ್ಕೆ ಹೋಗಿ ಪಂಪು ಹಾಕುವ ಅವರನ್ನು ನೋಡಿಯೇ ನನಗೆ ಈ ಪ್ರಾಜೆಕ್ಟು ಹೊಳೆದದ್ದು. ‘ನಮ್ ತೋಟಕ್ಕೆ ಯಾವಾಗ ಹಾಕ್ತೀಯಪ್ಪಾ?’ ಎಂದರು. ತೋಟ ವ್ಯಾಪ್ತಿಯ ಹೊರಗಿದೆ ಎನ್ನಲು ಬಾಯಿ ಬರಲಿಲ್ಲ.

‘ಮೊದ್ಲು ಕುಂಡಕ್ಕೆ ಹಾಕ್ತೀವಪ್ಪಾ’ ಎಂದೆ.

ಆ ಕಡೆಯಿಂದ ಅಪ್ಪ, ‘ಆಮೇಲೆ?’ ಎಂದರು.