ದೋಸೆ ಹೋಟೆಲಲ್ಲಿ ನಡೆದ ಒಂದು ಇಂಟರ್‌ವ್ಯೂ

ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ತಿನ್ನೋಕೆ ಅಂತ ಅಕ್ಕನ ಮಗನನ್ನ ಕರೆದುಕೊಂಡು ಹೋಗಿದ್ದೆ. ಮೊದಲ ದೋಸೆ ಬರುವಷ್ಟರಲ್ಲೇ ನನ್ನ ತಲೆ ಕೆಟ್ಟಿತ್ತು. "ಮಾಮ, ನಾನೂ ಈಗ ಪ್ರಾಪ್ ಟ್ರೇಡರ್" ಅಂದ. ವಿಚಾರಿಸಿದರೆ, ಯಾವುದೋ ಆನ್‌ಲೈನ್ ಕಂಪನಿಗೆ 9,000 ರೂಪಾಯಿ ಫೀಸು ಕಟ್ಟಿ 'ಚಾಲೆಂಜ್' ತಗೊಂಡಿದ್ದಾನೆ. ಡೆಮೋ ಅಕೌಂಟಲ್ಲಿ ಇಷ್ಟು ಲಾಭ ತೋರಿಸಿದರೆ ಕಂಪನಿ ದುಡ್ಡು ಕೊಡುತ್ತಂತೆ.

ಅಲ್ಲಪ್ಪಾ, ಪ್ರಾಪ್ ಡೆಸ್ಕ್ ಅಂದರೆ ಕಂಪನಿ ತನ್ನ ದುಡ್ಡನ್ನ ತಾನೇ ಷೇರು ಮಾರುಕಟ್ಟೆಗೆ ಹಾಕೋದು. ಅಲ್ಲಿ ಕೂರುವವನಿಗೆ ಸಂಬಳ ಕೊಡ್ತಾರೆ. ಕೆಲಸಕ್ಕೆ ಸೇರೋಕೆ ನೀನೇ ದುಡ್ಡು ಕಟ್ಟಬೇಕು ಅಂದರೆ, ಅವರ ವ್ಯಾಪಾರದ ಸರಕು ನೀನೇ.

ಇದನ್ನ ಹೇಳೋ ಹಕ್ಕು ನನಗಿದೆಯಾ? ನಾನೂ ಮುಂಬೈನ ಒಂದು ಪ್ರಾಪ್ ಡೆಸ್ಕಲ್ಲಿ ಕೆಲಸ ಮಾಡಿದವನು. ಆ ಕಥೆಯಲ್ಲಿ ಒಂದು ಭಾಗ ಯಾರಿಗೂ ಹೇಳಿಲ್ಲ. ಡೆಸ್ಕಿಗೆ ಸೇರುವ ಮೊದಲು ಒಂದು ಸಣ್ಣ ಬ್ರೋಕರ್ ಆಫೀಸಲ್ಲಿ ಜಾಬರ್ ಆಗಿದ್ದೆ, ಅಂದರೆ ದಿನವಿಡೀ ಸಣ್ಣ ಸಣ್ಣ ಲಾಭಕ್ಕೆ ಕೊಂಡು ಮಾರುವವನು. 50,000 ಡಿಪಾಸಿಟ್ ಇಟ್ಟಿದ್ದೆ, ಎರಡೇ ತಿಂಗಳಲ್ಲಿ ಕಳೆದುಕೊಂಡೆ. ಅಪ್ಪನಿಗೆ ಲ್ಯಾಪ್‌ಟಾಪ್ ತಗೊಂಡೆ ಅಂತ ಸುಳ್ಳು ಹೇಳಿದ್ದೆ.

ಸರಿ, ಹುಡುಗನಿಗೆ ಬೈದು ಪ್ರಯೋಜನ ಇಲ್ಲ. ಕೊಳ್ಳೋ ರೇಟು, ಮಾರೋ ರೇಟು ಎರಡನ್ನೂ ಕೊಡ್ತಾ ಕೂರೋ ಮಾರ್ಕೆಟ್ ಮೇಕಿಂಗ್ ಕಂಪನಿಗಳ ಇಂಟರ್‌ವ್ಯೂನಲ್ಲಿ ಆಡಿಸೋ ಒಂದು ಆಟ ಇದೆ, ಅದನ್ನೇ ಆಡಿಸಿದೆ. "ಈ ಹೋಟೆಲಲ್ಲಿ ಇವತ್ತು ಎಷ್ಟು ದೋಸೆ ಹೋಗುತ್ತೆ? ಕೊಳ್ಳೋ ರೇಟು ಒಂದು, ಮಾರೋ ರೇಟು ಒಂದು ಹೇಳು. ಒಂದು ಲಾಟಿಗೆ, ರೇಟಿಗೂ ನಿಜವಾದ ಲೆಕ್ಕಕ್ಕೂ ಇರೋ ಒಂದೊಂದು ದೋಸೆ ವ್ಯತ್ಯಾಸಕ್ಕೆ ಒಂದು ರೂಪಾಯಿ."

"600ಕ್ಕೆ ಕೊಳ್ತೀನಿ, 700ಕ್ಕೆ ಮಾರ್ತೀನಿ" ಅಂದ.

"700ಕ್ಕೆ ಹತ್ತು ಲಾಟು ನಾನು ಕೊಂಡೆ. ಈಗ ಹೇಳು."

"600, 700."

ಮತ್ತೆ ಹತ್ತು ಕೊಂಡೆ. ಮತ್ತೆ ಅದೇ ರೇಟು. ಮತ್ತೆ ಹತ್ತು ಕೊಂಡೆ. ಆಮೇಲೆ ಗಲ್ಲಾದಲ್ಲಿದ್ದ ನನ್ನ ಕ್ಲಾಸ್‌ಮೇಟ್‌ನ ಕೇಳಿದೆ. ಭಾನುವಾರಕ್ಕೆ 1,100ಕ್ಕೆ ಕಡಿಮೆ ಇಲ್ಲ ಅಂದ. ಲಾಟಿಗೆ 400ರಂತೆ ಮೂವತ್ತು ಲಾಟಿಗೆ 12,000 ರೂಪಾಯಿ ಹೋಯ್ತು.

"ಮಾಮ, ನಿಂಗೆ ಮೊದಲೇ ಗೊತ್ತಿತ್ತು! ಇದು ಮೋಸ."

ಗೊತ್ತಿತ್ತು, ಹೌದು. ಮಾರ್ಕೆಟಲ್ಲೂ ನಿನ್ನ ಹತ್ತಿರ ಕೊಳ್ಳೋಕೆ ಬರುವವರಲ್ಲಿ ಕೆಲವರಿಗೆ ಗೊತ್ತಿರುತ್ತೆ. ಅವರು ಕೊಂಡಿದ್ದೇ ಒಂದು ಸುದ್ದಿ. ಮೊದಲ ಸಲ ಕೊಂಡ ತಕ್ಷಣ ರೇಟನ್ನ 750, 850ಕ್ಕೆ ಏರಿಸಬೇಕಿತ್ತು. ಮತ್ತೆ ಕೊಂಡರೆ 900, 1,000. ಹಾಗೆ ಮಾಡಿದ್ದರೆ 700, 850, 1,000ಕ್ಕೆ ಹತ್ತತ್ತು ಮಾರಿ 7,500 ಕಳೆದುಕೊಳ್ಳುತ್ತಿದ್ದ. ನಷ್ಟವೇ, ಆದರೆ ಇಂಟರ್‌ವ್ಯೂ ಮಾಡುವವರು ನೋಡೋದು ದೋಸೆ ಲೆಕ್ಕ ಸರಿಯಾಯ್ತಾ ಅಂತಲ್ಲ. ಎದುರಿನವನ ನಡೆ ನೋಡಿ ನಿನ್ನ ಅಂದಾಜು ಎಷ್ಟು ಬೇಗ ಬದಲಾಯ್ತು ಅಂತ.

ಮಾರ್ಕೆಟ್ ಮೇಕರ್‌ನ ದಿನದ ಕೆಲಸವೂ ಇದೇ. 100ಕ್ಕೆ ಕೊಂಡು 100.10ಕ್ಕೆ ಮಾರೋದು, ಕೈಯಲ್ಲಿ ಸರಕು ಜಾಸ್ತಿ ಆದರೆ ಎರಡೂ ರೇಟನ್ನ ಸ್ವಲ್ಪ ಇಳಿಸೋದು. ಹತ್ತು ಪೈಸೆಯ ಇಂಥ ಐದು ವ್ಯವಹಾರದ ಲಾಭವನ್ನ, ತಿಳಿದವನೊಬ್ಬ 50 ಪೈಸೆ ಬೀಳೋ ಮುಂಚೆ ನಿನಗೆ ಮಾರಿ ಒಂದೇ ಸಲಕ್ಕೆ ತಿಂದು ಹೋಗ್ತಾನೆ. ಅದಕ್ಕೇ ಮಾರ್ಕೆಟ್ ಮೇಕರ್‌ಗಳು ಮಾರ್ಕ್‌ಔಟ್ ನೋಡ್ತಾರೆ. ವ್ಯವಹಾರ ಆಗಿ ಒಂದು ಸೆಕೆಂಡು, ಒಂದು ನಿಮಿಷ ಬಿಟ್ಟು ರೇಟು ಎಲ್ಲಿತ್ತು? ನೀನು ಕೊಂಡ ಮೇಲೆಲ್ಲ ಇಳಿಯುತ್ತಲೇ ಇದ್ದರೆ, ತಿಳಿದವರು ನಿನ್ನನ್ನ ಹುಡುಕಿಕೊಂಡು ಬರ್ತಿದ್ದಾರೆ ಅಂತ ಅರ್ಥ. ಇದನ್ನೆಲ್ಲ ಈಗ ಮಾಡೋದು ಪ್ರೋಗ್ರಾಮು. ಅದಕ್ಕೇ ಸಂಭವನೀಯತೆಯ ಗಣಿತ, ಸಿ ಪ್ಲಸ್ ಪ್ಲಸ್, ತಲೆಲೆಕ್ಕ ಕೇಳ್ತಾರೆ. ಚಾರ್ಟಲ್ಲಿ ಗೆರೆ ಎಳೆಯೋದನ್ನ ಅಲ್ಲ.

ರೇಟು ಮೇಲಕ್ಕೋ ಕೆಳಕ್ಕೋ ಅಂತ ನಿಲುವು ತಗೊಳ್ಳೋ ಪ್ರಾಪ್ ಡೆಸ್ಕುಗಳೂ ಇವೆ. ಅಲ್ಲಿ ಬೇರೆ ತಲೆ ಬೇಕು. ಒಂದು ಊಹೆಯನ್ನ ತಿಂಗಳುಗಟ್ಟಲೆ ಹಳೇ ಡೇಟಾದ ಮೇಲೆ ಪರೀಕ್ಷೆ ಮಾಡಿ, ಖರ್ಚು ಕಳೆದ ಮೇಲೆ ಏನೂ ಉಳಿಯಲ್ಲ ಅಂತ ಗೊತ್ತಾದಾಗ ಬಿಸಾಕೋ ತಾಳ್ಮೆ ಬೇಕು. ನನಗೆ ಅದು ಇರಲಿಲ್ಲ.

"ಸ್ವಂತ ಕಲಿತು ದುಡಿದವರು ಇಲ್ವಾ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಇದ್ದಾರೆ. ಷೇರುಪೇಟೆ ನಿಯಂತ್ರಕ ಸೆಬಿ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ ಮೂರು ವರ್ಷದಲ್ಲಿ ಎಫ್ ಆಂಡ್ ಒ, ಅಂದರೆ ಫ್ಯೂಚರ್ಸ್ ಆಂಡ್ ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ 93% ಮಂದಿ ಕಳೆದುಕೊಂಡಿದ್ದಾರೆ. ನೀವು ಹೇಳೋರು ಉಳಿದ ಏಳರಲ್ಲಿ ಎಲ್ಲೋ ಇರ್ತಾರೆ. ಅದೇ ವರದಿಯಲ್ಲಿ, 2023-24ರ ಒಂದೇ ವರ್ಷ ಪ್ರಾಪ್ ಟ್ರೇಡರ್‌ಗಳು ಖರ್ಚು ಕಳೆಯುವ ಮುಂಚೆ ಸುಮಾರು 33,000 ಕೋಟಿ ಲಾಭ ಮಾಡಿದ್ದಾರೆ. ಅದರಲ್ಲಿ 96% ಅಲ್ಗೋದಿಂದ, ಅಂದರೆ ಪ್ರೋಗ್ರಾಮು ಮಾಡಿದ ವ್ಯವಹಾರದಿಂದ ಬಂದಿದ್ದು. ಮೊಬೈಲ್ ಹಿಡಿದು ಬಸ್‌ಸ್ಟಾಂಡಲ್ಲಿ ಕೂತವನ ಎದುರು ಕೂತಿರೋದು ಇವರು.

ಹುಡುಗ ಎರಡನೇ ದೋಸೆ ಮುಗಿಸೋವರೆಗೂ ಮಾತಾಡಲಿಲ್ಲ. ಕೊನೆಗೆ, "ಚಾಲೆಂಜ್ ಇನ್ನೂ ಆರು ದಿನ ಇದೆ ಮಾಮ" ಅಂದ. 12,000 ಅವನಿನ್ನೂ ಕೊಟ್ಟಿಲ್ಲ. ಬಿಲ್ಲೂ ನಾನೇ ಕೊಟ್ಟೆ.