ಹೂರಣದ ಯಂತ್ರ ಯಾರ ಮನ್ಯಾಗ ಐತಿ?

ಹಳೇ ಬಾಗಲಕೋಟೆಯಲ್ಲಿ ಈ ಪ್ರಶ್ನೆ ಕೇಳಲು ಓಣಿಯ ನಡುವೆ ನಿಂತು ಒಮ್ಮೆ ದನಿ ಎತ್ತಿದರೆ ಸಾಕಿತ್ತು. ಯಾವುದೋ ಮಾಳಿಗೆಯಿಂದ "ನಮ್ಮಲ್ಲೈತ್ರೀ, ನಾಳೆ ಕಳಸ್ತೀನಿ" ಅನ್ನುವ ಉತ್ತರ ಬರುತ್ತಿತ್ತು. ಆಲಮಟ್ಟಿ ಹಿನ್ನೀರು ಬಂದು ಎಷ್ಟೋ ಮನೆಗಳು ನವನಗರದ ಸೆಕ್ಟರುಗಳಿಗೆ ಎದ್ದುಹೋದ ಮೇಲೆ ಒಂದೇ ಓಣಿಯ ಬಳಗ ಹತ್ತು ನಂಬರುಗಳಲ್ಲಿ ಚದುರಿತು. ಇಸಗೊಂಡು ಹೋಗುವ ರೂಢಿ ಮಾತ್ರ ಚದುರಲಿಲ್ಲ. ಹೂರಣದ ಯಂತ್ರ ಈಗಲೂ ಸ್ಕೂಟರಿನ ಮುಂದೆ ಕಾಲ ಬಳಿ ಕೂತು ಸೆಕ್ಟರಿನಿಂದ ಸೆಕ್ಟರಿಗೆ ಬೀಗರ ಹಾಗೆ ತಿರುಗುತ್ತಿರುತ್ತದೆ. ಹಾಗೆ ತಿರುಗುವಾಗ ಮೊದಲು ಕಳೆಯುವುದು ಯಂತ್ರವಲ್ಲ, ಅದರ ಜಾಲಿ. ಯಂತ್ರ ಮರಳಿ ಬಂದಿದೆ ಎಂದು ಎಲ್ಲರೂ ಸಮಾಧಾನದಲ್ಲಿರುತ್ತಾರೆ. ಜಾಲಿ ಬಂದಿಲ್ಲ ಎಂದು ಗೊತ್ತಾಗುವುದು ಮುಂದಿನ ಹಬ್ಬದ ದಿನ, ಬೇಳೆ ಬೆಂದ ಮೇಲೆ.

ಇದಕ್ಕೆ ಮದ್ದು ಎಂದರೆ ಒಂದು ಕೈಗಡದ ವಹಿ. ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ಕು, ಅದಕ್ಕೆ ದಾರದಿಂದ ಕಟ್ಟಿದ ಪೆನ್ನು. ಪೆನ್ನು ಕಟ್ಟದಿದ್ದರೆ ಮೊದಲು ಅದೇ ಕೈಗಡ ಹೋಗುತ್ತದೆ. ಎಡಪುಟದ ಮೇಲೆ "ಹೋದದ್ದು", ಬಲಪುಟದ ಮೇಲೆ "ಬಂದದ್ದು" ಎಂದು ಬರೆಯಿರಿ. ಒಂದು ಸಾಲು ಎರಡೂ ಪುಟಕ್ಕೆ ಸೇರಿ ಒಂದೇ. ಎಡಕ್ಕೆ ಬರಹ ತುಂಬಿ ಬಲಕ್ಕೆ ಬಯಲು ಕಂಡರೆ ಆ ವಸ್ತು ಇನ್ನೂ ಊರಾಡುತ್ತಿದೆ ಎಂದರ್ಥ. ಓದುವುದೇ ಬೇಡ, ಪುಟ ತೆರೆದರೆ ಕಣ್ಣಿಗೆ ಹೊಡೆಯುತ್ತದೆ.

ಬಹಳಷ್ಟು ವಹಿಗಳು ಕೆಡುವುದು ಮೊದಲ ಸಾಲಿನಲ್ಲೇ. "ಪಾತ್ರೆ 4" ಎಂದು ಬರೆದಿರುತ್ತಾರೆ. ನಾಲ್ಕು ಪಾತ್ರೆ ತಂದುಕೊಟ್ಟರೆ ಲೆಕ್ಕ ಸರಿಯಾಗುತ್ತದೆ, ಆ ನಾಲ್ಕು ಯಾರ ಮನೆಯವೋ ದೇವರಿಗೇ ಗೊತ್ತು. ಹೆಸರು ಕೊರೆಸಿದೆ ಎಂದು ನಂಬುವಂತೆಯೂ ಇಲ್ಲ. ನಮ್ಮ ಕಡೆ ಮದುವೆಗೆ ಬಂದ ತಾಟು, ತಂಬಿಗೆಗಳ ಮೇಲೆ ಇರುವುದು ಕಾಣಿಕೆ ಕೊಟ್ಟವರ ಹೆಸರು, ಇಟ್ಟುಕೊಂಡವರದಲ್ಲ. ಒಬ್ಬ ಕಾಕಾ ಮೂವರು ಹೆಣ್ಣುಮಕ್ಕಳ ಮದುವೆಗೂ ಒಂದೇ ಅಂಗಡಿಯಲ್ಲಿ ಒಂದೇ ಅಳತೆಯ ಬೋಗುಣಿ ಕೊಡಿಸಿದ್ದರೆ, ಮೂರೂ ಮನೆಯಲ್ಲಿ ಕಾಕಾನ ಹೆಸರೇ ಇರುತ್ತದೆ. ಆದ್ದರಿಂದ ನಿಮ್ಮದೇ ಗುರುತು ಬೇರೆ ಬೇಕು. ಉಗುರು ಬಣ್ಣದ ಚುಕ್ಕಿಯನ್ನು ತಳಕ್ಕೆ ಇಟ್ಟರೆ ಮೊದಲ ಉರಿಗೇ ಸುಟ್ಟುಹೋಗುತ್ತದೆ. ಕಿವಿಯ ಕೆಳಗೆ, ಉರಿ ಮುಟ್ಟದ ಕಡೆ ಇಡಬೇಕು. ಹಿತ್ತಾಳೆಯಾದರೆ ಮೊಳೆ, ಸುತ್ತಿಗೆಯಿಂದ ಕಂಠದ ಕೆಳಗೆ ಮೂರು ಸಣ್ಣ ಚುಕ್ಕಿ ಹೊಡೆದರೆ ಮೊಮ್ಮಕ್ಕಳ ಕಾಲಕ್ಕೂ ಅಳಿಸುವುದಿಲ್ಲ.

ಸರಿಯಾಗಿ ಬರೆದ ಒಂದು ಸಾಲು ಹೇಗಿರುತ್ತದೆ ನೋಡೋಣ. ನವನಗರದ ಒಂದು ಮನೆಯಲ್ಲಿ ಭಾನುವಾರ ಕುಬಸ. ಐವತ್ತು ಮಂದಿಯ ಊಟ, ತಲೆಗೆ ಮೂರರಂತೆ ನೂರೈವತ್ತು ಹೋಳಿಗೆ. ಎರಡೂವರೆ ಕಿಲೋ ಕಡಲೆಬೇಳೆ, ಅಷ್ಟೇ ಬೆಲ್ಲ. ಬೇಳೆ ಬಸಿದ ಕಟ್ಟಿನಿಂದ ಸಾರು. ಅದಕ್ಕೆ ಬೇಕಾದದ್ದು ಗುರುವಾರವೇ ಹೊರಟಿತು:

"31. ಗುರುವಾರ. ಹೂರಣದ ಯಂತ್ರ 1: ಬಟ್ಟಲು, ಹಿಡಿಕೆ, ಅಡ್ಡಪಟ್ಟಿ, ಜಾಲಿ 2 (ಸಣ್ಣ ತೂತು, ದೊಡ್ಡ ತೂತು), ಒಟ್ಟು ಭಾಗ 5. ಹಿತ್ತಾಳೆ ಬೋಗುಣಿ 1, ಬಾಯಿ 14 ಇಂಚು, ಮುಚ್ಚಳ ಸಹಿತ, ಬಲಗಿವಿ ಪಕ್ಕ ತಗ್ಗು, ಕಲಾಯಿ ಯುಗಾದಿಗೆ ಆದದ್ದು. ಕೇಳಿದವರು ವೈನಿ. ಒಯ್ದವನು ಅವರ ಮೈದುನನ ಮಗ. ಕುಬಸಕ್ಕೆ. ಬುಧವಾರ ಮಧ್ಯಾಹ್ನದೊಳಗೆ."

ಕೇಳಿದವರು ಒಬ್ಬರು, ಒಯ್ದವರು ಇನ್ನೊಬ್ಬರು ಎಂದು ಎರಡು ಹೆಸರು ಬರೆದದ್ದು ಸುಮ್ಮನೆ ಅಲ್ಲ. ಹುಡುಗ ಜಾಲಿಯನ್ನು ಸ್ಕೂಟರಿನ ಡಿಕ್ಕಿಯಲ್ಲೇ ಬಿಟ್ಟಿದ್ದರೆ, ವೈನಿ "ನಮಗ ಕೊಟ್ಟೇ ಇಲ್ಲಲ್ರೀ" ಅನ್ನುವುದು ಸುಳ್ಳಲ್ಲ. ಅದಕ್ಕೇ ಕೊಡುವಾಗ ಹುಡುಗನ ಎದುರೇ ಐದೂ ಭಾಗ ಎಣಿಸಿ, ಎರಡೂ ಜಾಲಿಗಳನ್ನು ಬಟ್ಟಲಿನೊಳಗೇ ಇಟ್ಟು, ಅರಿವೆಯಲ್ಲಿ ಗಂಟು ಕಟ್ಟಬೇಕು. ತಗ್ಗು ಇದೆ ಎಂದು ಬರೆಯುವುದೂ ಅವರ ಮಾನ ಉಳಿಸಲಿಕ್ಕೆ. ಇಲ್ಲದಿದ್ದರೆ ಹಳೆಯ ತಗ್ಗಿಗೆ ಹೊಸ ವೈನಿ ಹೊಣೆಯಾಗುತ್ತಾರೆ.

ಇನ್ನು ಬುಧವಾರ ಯಾಕೆ? ಭಾನುವಾರ ಕುಬಸ. ಸೋಮವಾರ ಮನೆ ತುಂಬ ನೆಂಟರು, ಯಂತ್ರವನ್ನು ಯಾರೂ ತೊಳೆದಿರುವುದಿಲ್ಲ. ಮಂಗಳವಾರ, ಶುಕ್ರವಾರ ಮನೆಯಿಂದ ಸಾಮಾನು ಹೊರಗೆ ಕಳಿಸದವರು ನಮ್ಮಲ್ಲಿ ಬಹಳ. ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೂ ಕೊಡುವುದಿಲ್ಲ. ಹೀಗಾಗಿ ಉಳಿಯುವುದು ಬುಧವಾರ ಹಗಲು. ದಿನ ಗೊತ್ತು ಮಾಡುವಾಗ ಈ ಲೆಕ್ಕ ಹಾಕದೆ "ಮಂಗಳವಾರ ಸಂಜಿಕ್ಕ ಕೊಡ್ರಿ" ಎಂದವರು ತಾವಾಗಿಯೇ ಎರಡು ದಿನದ ರಜೆ ಕೊಟ್ಟಂತೆ. ಇನ್ನೊಂದು ಮಾತು. ದಿನವನ್ನು ಕೊಡುವವರು ಹೇಳಬಾರದು, ಒಯ್ಯುವವರ ಬಾಯಿಂದಲೇ ಬರಬೇಕು. ತಾನೇ ಹೇಳಿದ ದಿನ ಮನುಷ್ಯನಿಗೆ ಸ್ವಲ್ಪವಾದರೂ ಚುಚ್ಚುತ್ತದೆ.

ಈಗ ಯಂತ್ರದ ಗತಿ ನೋಡಿ. ಹೂರಣ ಬಿಸಿ ಇದ್ದಾಗ ಹಾಕಿ ತಿರುಗಿಸಿದರೆ ಸಲೀಸಾಗಿ ಇಳಿಯುತ್ತದೆ. ಮಾತಿನ ಭರದಲ್ಲಿ ಆರಲು ಬಿಟ್ಟರೆ ಬೆಲ್ಲ ಬಿಗಿಯುತ್ತದೆ. ಆಗ ಗಟ್ಟಿ ಕೈಯವರೊಬ್ಬರು ಎದ್ದು ಬರುತ್ತಾರೆ, "ತಾ ಇಲ್ಲೆ" ಎಂದು ಹಿಡಿಕೆಗೆ ಭುಜ ಕೊಡುತ್ತಾರೆ. ಹೂರಣ ಇಳಿಯುವುದಿಲ್ಲ, ಹಿಡಿಕೆ ಬಾಗುತ್ತದೆ ಇಲ್ಲವೇ ಅಡ್ಡಪಟ್ಟಿ ಜಾರುತ್ತದೆ. ಹೂರಣವನ್ನು ಮತ್ತೆ ಬಿಸಿ ಮಾಡಿದ್ದರೆ ಭುಜಕ್ಕೂ ಹಿಡಿಕೆಗೂ ಸುಖವಿತ್ತು. ಎರಡನೇ ಅನಾಹುತ ತೊಳೆಯುವಾಗ ಆಗುತ್ತದೆ. ರಾತ್ರಿಯಿಡೀ ಬಿಟ್ಟ ಜಾಲಿಯಲ್ಲಿ ಹೂರಣ ಒಣಗಿ ಕಲ್ಲಾಗಿರುತ್ತದೆ. ಅದನ್ನು ಮೊಳೆಯಿಂದ ಚುಚ್ಚಿ ತೆಗೆಯುವವರಿದ್ದಾರೆ. ಒಂದೊಂದು ತೂತೂ ಒಂದೊಂದು ಅಳತೆಯಾಗಿ, ಮುಂದಿನ ಸಲ ಅರೆಬೆಂದ ಬೇಳೆ ಹಾಗೇ ಇಳಿದು, ಲಟ್ಟಿಸುವಾಗ ಹೋಳಿಗೆ ಹರಿಯುತ್ತದೆ. ಲಟ್ಟಿಸುವವಳಿಗೆ ಬೈಗುಳ, ತಪ್ಪು ಮೊಳೆಯದು. ಅರ್ಧ ತಾಸು ಬಿಸಿನೀರಿನಲ್ಲಿ ನೆನೆಹಾಕಿ, ಜಾಲಿಯನ್ನು ಬೋರಲು ಮಾಡಿ ಹಿಂದಿನಿಂದ ಬ್ರಷ್ಷು ಹಾಕಿದರೆ ಬೆಲ್ಲ ತಾನೇ ಕರಗಿ ಬೇಳೆ ಉದುರುತ್ತದೆ.

ಬೋಗುಣಿಯ ಕಥೆ ಇದಕ್ಕಿಂತ ಸೂಕ್ಷ್ಮ. ಕಟ್ಟಿನ ಸಾರಿಗೆ ಹುಣಸೆಹುಳಿ ಬೀಳುತ್ತದೆ. ಒಳಗೆ ಕಲಾಯಿ ಸವೆದ ಹಿತ್ತಾಳೆಗೆ ಹುಳಿ ತಾಗಿದರೆ ಸಾರು ಕಿಲುಬುತ್ತದೆ, ಉಂಡವರಿಗೆ ಹೊಟ್ಟೆ ತೊಳೆಸುತ್ತದೆ. ವಹಿಯಲ್ಲಿ ಕಲಾಯಿಯ ದಿನ ಬರೆಯುವುದು ಅದಕ್ಕೆ. ಕೊಡುವ ಮುಂಚೆ ಒಳಗೆ ಇಣುಕಿ ನೋಡಿ. ಬೆಳ್ಳಗಿನ ಹೊಳಪಿನ ನಡುವೆ ಹಳದಿ ಕಂಡರೆ ಅದನ್ನು ಸಾರಿಗೆ ಕೊಡಬೇಡಿ, ನೀರು ತುಂಬಲು ಕೊಡಿ. ಕಲಾಯಿ ಎಂದರೆ ತವರದ ತೆಳು ಲೇಪ, ತವರ ಕರಗುವುದು 232 ಡಿಗ್ರಿಗೆ. ಖಾಲಿ ಬೋಗುಣಿಯನ್ನು ದೊಡ್ಡ ಉರಿಯ ಮೇಲಿಟ್ಟು "ಇದರಾಗ ಒಗ್ಗರಣಿ ಹಾಕೂಣು" ಎಂದರೆ ಅಷ್ಟು ಬಿಸಿಯಾಗಲು ಹೆಚ್ಚು ಹೊತ್ತು ಬೇಡ. ಲೇಪ ಸರಿದು ಸಣ್ಣ ಮಣಿಗಳಾಗಿ ತಳದಲ್ಲಿ ಕೂಡುತ್ತದೆ. ಒಗ್ಗರಣೆಗೆ ಕಬ್ಬಿಣದ ಸೌಟು ಬೇರೆ ಕೊಡಿ, ಅದನ್ನೂ ವಹಿಯಲ್ಲಿ ಬರೆಯಿರಿ. ಒಳಗೆ ತಂತಿ ಉಜ್ಜಬಾರದು ಎಂದು ಹೇಳಿ ಕಳಿಸಿ. ಹೇಳಿದರೂ ಉಜ್ಜುತ್ತಾರೆ, ಅದು ಬೇರೆ.

ಗಂಡಸರ ಡ್ರಿಲ್ ಮಷಿನ್ನಿನ ಹಣೆಬರಹವೂ ಇದೇ. ಮಷಿನ್ನು ಬರುತ್ತದೆ, ಬಿಟ್ಟು ಬಿಗಿಯುವ ಚಾವಿ ಬರುವುದಿಲ್ಲ. ಚಾವಿಯನ್ನು ಪ್ಲಗ್ಗಿನ ಹತ್ತಿರ ವೈರಿಗೆ ದಾರ ಸುತ್ತಿ ಕಟ್ಟಿಬಿಡಬೇಕು. ಅಲ್ಲಿ ಕಟ್ಟಿದರೆ ಇನ್ನೊಂದು ಲಾಭ: ಪ್ಲಗ್ ಕಿತ್ತ ಮೇಲೇ ಬಿಟ್ಟು ಬದಲಿಸುವ ರೂಢಿಯಾಗುತ್ತದೆ. ಬಿಟ್ಟುಗಳನ್ನು ಮಾತ್ರ ಕೈಗಡ ಎಂದು ಬರೆಯಬಾರದು, ಅವು ಸವೆಯುವ ಪದಾರ್ಥ. ಮರಕ್ಕೆ ಹಾಕುವ ಬಿಟ್ಟನ್ನು ಹಳೇ ಮನೆಯ ಕಲ್ಲಿನ ಗೋಡೆಗೆ ಒತ್ತಿ, ತುದಿ ನೀಲಿಯಾಗುವ ತನಕ ಒತ್ತಿ, ಆಮೇಲೆ "ನಿಮ್ಮ ಮಷಿನ್ನಿನ್ಯಾಗ ದಮ್ ಇಲ್ಲ ಬಿಡ್ರಿ ಕಾಕಾ" ಎನ್ನುತ್ತಾರೆ. "6 ಎಂಎಂ ಬಿಟ್ಟು 1, ಹೊಸದು ತರುವುದು" ಎಂದೇ ಬರೆದಿಡಿ.

ವಹಿ ಎಷ್ಟು ಚಂದ ಬರೆದರೂ ಬುಧವಾರ ಬಂದು ಹೋಗುತ್ತದೆ. ನೆನಪು ಮಾಡುವುದು ಒಂದು ಕಸುಬು. ಮಂಗಳವಾರ ಬೆಳಗ್ಗೆ ಮೊದಲ ಸಂದೇಶ: "ವೈನಿ, ಕುಬಸ ಛಲೋ ಆತೇನ್ರೀ? ಹೋಳಿಗಿ ಸಾಕಾದ್ವೇನು?" ಇದರಲ್ಲಿ ಯಂತ್ರದ ಹೆಸರು ಬರಕೂಡದು. ಹೋಳಿಗೆ ಎಂದರೆ ಯಂತ್ರ ತಾನೇ ನೆನಪಾಗುತ್ತದೆ. ಗುರುವಾರ ಎರಡನೆಯದು: "ವೈನಿ, ನಮ್ಮ ಯಂತ್ರ ನಿಮ್ಮಲ್ಲೇ ಐತೋ, ಬ್ಯಾರೆ ಯಾರಿಗರೆ ಕೊಟ್ಟೇನೋ ನೆನಪಾಗವಲ್ದು. ಸೋಮವಾರ ಬೇಕಾಗಿತ್ರೀ." ವಹಿ ಮುಂದೆ ತೆರೆದಿಟ್ಟುಕೊಂಡೇ ಈ ಮರೆವು ನಟಿಸಬೇಕು. ಮರೆತವರು ನಾವೇ ಎಂದಾಗ ಅವರಿಗೆ ತಂದುಕೊಡಲು ದಾರಿ ಸಿಗುತ್ತದೆ. ಅದಕ್ಕೂ ಜಗ್ಗದಿದ್ದರೆ ಶನಿವಾರ ಹುಡುಗನ ಕೈಯಲ್ಲಿ ಖಾಲಿ ಚೀಲ ಕೊಟ್ಟು ಕಳಿಸುವುದು. ಖಾಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತ ಹುಡುಗನನ್ನು ಬರಿಗೈಲಿ ಕಳಿಸಿದವರು ಕಡಿಮೆ.

ಮಾಡಬಾರದ್ದು ಒಂದಿದೆ: ಬಳಗದ ವಾಟ್ಸಾಪ್ ಗುಂಪಿನಲ್ಲಿ "ನಮ್ಮ ಯಂತ್ರ ಯಾರ ಹತ್ರ ಇದೆ?" ಎಂದು ಕೇಳುವುದು. ಎಂದೂ ಒಯ್ಯದವರೆಲ್ಲ "ನಮ್ಮಲ್ಲಿಲ್ಲ" ಎನ್ನುತ್ತಾರೆ, ಧಾರವಾಡದ ದೊಡ್ಡವ್ವ ಕೈಮುಗಿದ ಚಿತ್ರ ಹಾಕುತ್ತಾರೆ, ಒಯ್ದವರು ಅಂದು ಇಡೀ ದಿನ ಫೋನೇ ನೋಡುವುದಿಲ್ಲ. ಇನ್ನು ಬೀಗರು. ಬೀಗರಿಗೆ ನೇರವಾಗಿ ನೆನಪು ಮಾಡುವ ವಿಧಾನ ಇನ್ನೂ ಹುಟ್ಟಿಲ್ಲ. ಅವರ ಸಾಲಿನಲ್ಲಿ ದಿನ ಬರೆಯದೆ ಮಗಳ ಹೆಸರು ಬರೆದಿಡಿ. ಅವಳು ತೌರಿಗೆ ಬರುವಾಗ ತಂದರೆ ತಂದಳು.

ಹಬ್ಬದ ಮನೆಗೆ ಮುಚ್ಚಳದ ಡಬ್ಬಿ ಕೊಡುವುದಂತೂ ಬೇಡವೇ ಬೇಡ. ಹೊರಟು ನಿಂತ ನೆಂಟರಿಗೆ ಹೋಳಿಗೆ ಕಟ್ಟಿಕೊಡಲು ಕೈಗೆ ಸಿಗುವುದೇ ಅದು. ಸಂಜೆಯ ಬಸ್ಸಿನಲ್ಲಿ ನಿಮ್ಮ ಡಬ್ಬಿ ಇಳಕಲ್ಲಿಗೆ ಹೋಗಿರುತ್ತದೆ, ಅಲ್ಲಿಂದ ಉಪ್ಪಿನಕಾಯಿ ತುಂಬಿಕೊಂಡು ಇನ್ನೆಲ್ಲಿಗೋ.

ಸಾಮಾನು ಮರಳಿ ಬಂದ ಗಳಿಗೆಯಲ್ಲಿ ಎಚ್ಚರ ಬೇಕು. ಖಾಲಿ ಪಾತ್ರೆ ಕೊಡಬಾರದೆಂದು ವೈನಿ ಬೋಗುಣಿಯಲ್ಲಿ ನಾಲ್ಕು ಹೋಳಿಗೆ ಇಟ್ಟು ಕಳಿಸುತ್ತಾರೆ. ಬಾಯಿಗೆ ಹೋಳಿಗೆ ಬಿದ್ದ ಮೇಲೆ ಜಾಲಿ ಎಣಿಸುವ ಮನಸ್ಸು ಯಾರಿಗಿರುತ್ತದೆ? ಮೊದಲು ಎಣಿಸಿ, ಜಾಲಿಯನ್ನು ಬೆಳಕಿಗೆ ಹಿಡಿದು ತೂತು ನೋಡಿ, ಮುಚ್ಚಳವನ್ನು ಬೋಗುಣಿಯ ಮೇಲೆ ಕೂರಿಸಿ ತಿರುಗಿಸಿ. 13 ಇಂಚಿನ ಮುಚ್ಚಳ 14ರ ಬಾಯಿಯೊಳಗೆ ಬಿದ್ದರೆ ಅದು ಇನ್ನೊಬ್ಬರ ಮನೆಯದು. ಆಮೇಲೆ ಬಲಪುಟ ತುಂಬಿ, ಆಮೇಲೆ ಹೋಳಿಗೆ.

"31. ಭಾನುವಾರ ಬಂತು. ಭಾಗ 4. ದೊಡ್ಡ ತೂತಿನ ಜಾಲಿ ಬಾಕಿ. ಬೋಗುಣಿ, ಮುಚ್ಚಳ ಸರಿ. ಹೋಳಿಗೆ 4."

"32. ಭಾನುವಾರ. ಝಾರಾ 1, ಬೋಗುಣಿಯೊಳಗೆ ಬಂದದ್ದು. ನಮ್ಮದಲ್ಲ. ಫೋನ್ ಮಾಡಿ ಕೇಳಿದ್ದಾಯಿತು, ವೈನಿಯದೂ ಅಲ್ಲವಂತೆ."